ಮಾತು ಕೇಳಬೇಕು, ಹಾಡು ಕಿವಿಗೆ ಹೊಡೆಯಬಾರದು: ಲೌಡ್‌ನೆಸ್ ಸರಿಮಾಡಲು ಮೂರು ದಾರಿ, ಯಾರಿಗೆ ಯಾವುದು?

ಯಾದಗಿರಿ ಕಡೆಯ ಹುಡುಗರ ಒಂದು ತಂಡವಿದೆ. ಹಳ್ಳಿಯ ಕತೆಗಳನ್ನು ಹನ್ನೆರಡು ನಿಮಿಷದ ಎಪಿಸೋಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಹೋದ ಬೇಸಿಗೆಯಲ್ಲಿ ಕಲಬುರಗಿಯ ನನ್ನ ಮನೆಗೆ ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಬಂದರು. "ಅಣ್ಣಾ, ಹಾಡು ಬಂದ್ರ ಕಿವಿ ಹರೀತದ, ಮಾತು ಬಂದ್ರ ಏನೂ ಕೇಳಂಗಿಲ್ರಿ. ಮೈನಸ್ ಹದಿನಾಲ್ಕಕ್ಕ ಇಟ್ಟೀವಿ, ಆದ್ರೂ ಹಿಂಗ್ಯಾಕ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಬೀದರಿನ ಪಾಡ್‌ಕಾಸ್ಟ್ ಮಾಡುವ ಗೆಳೆಯರೂ ಕೇಳಿದ್ದಾರೆ, ಇಲ್ಲೇ ಪಾಠದ ವಿಡಿಯೋ ಮಾಡುವ ಮೇಷ್ಟ್ರೂ ಕೇಳಿದ್ದಾರೆ. ಎಲ್ಲರ ಮುಂದೆಯೂ ಇರುವುದು ಮೂರೇ ದಾರಿ. ಮೊದಲನೆಯದು, ಎಲ್ಲ ಮುಗಿದ ಮೇಲೆ ಇಡೀ ಫೈಲನ್ನು ಒಂದೇ ಸಲ ನಾರ್ಮಲೈಸ್ ಮಾಡುವುದು, ಅಂದರೆ ಅದರ ಒಟ್ಟು ಜೋರನ್ನು ಗೊತ್ತಾದ ಒಂದು ಗುರಿಗೆ ತರುವುದು. ಎರಡನೆಯದು, ಏರಿಳಿತವನ್ನು ತಾನೇ ಸರಿಮಾಡುವ ಆಟೋಮ್ಯಾಟಿಕ್ ಸಾಧನದ ಕೈಗೆ ಕೊಡುವುದು. ಮೂರನೆಯದು, ಮಾತು, ಸಂಗೀತ, ಎಫೆಕ್ಟ್ ಮೂರನ್ನೂ ಬೇರೆ ಬೇರೆ ಇಟ್ಟು, ಮಾತನ್ನು ಮೊದಲು ಕೂರಿಸಿ, ಉಳಿದದ್ದನ್ನು ಅದರ ಸುತ್ತ ಜೋಡಿಸುವುದು.

ಯಾವುದನ್ನು ನೋಡಿ ಆರಿಸಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಒಂದು, ಫ್ಯಾನ್ ತಿರುಗುವ ಕೋಣೆಯಲ್ಲಿ, ಫೋನಿನ ಸ್ಪೀಕರಿನಲ್ಲಿ ಪ್ರತಿ ಮಾತೂ ಅರ್ಥವಾಗಬೇಕು. ನಮ್ಮ ನೋಡುಗರಲ್ಲಿ ಹೆಚ್ಚಿನವರು ಹಾಗೇ ನೋಡುತ್ತಾರೆ. ಎರಡು, ಒಮ್ಮೆ ವಾಲ್ಯೂಮ್ ಇಟ್ಟರೆ ಕೊನೆವರೆಗೂ, ಮುಂದಿನ ಎಪಿಸೋಡಿಗೂ ಕೈ ಹಾಕುವಂತಿರಬಾರದು. ಮೂರು, ಶಬ್ದ ಒಡೆಯಬಾರದು. ನಾಲ್ಕು, ನಮ್ಮಲ್ಲಿರುವ ಸಮಯ ಮತ್ತು ಕಂಪ್ಯೂಟರಿಗೆ ಅದು ಹೊಂದಬೇಕು.

ಅಳತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೀಟರಿನಲ್ಲಿ LUFS ಎಂದು ಬರುವುದು ಕಿವಿಗೆ ಅನಿಸುವ ಜೋರಿನ ಅಳತೆ. ನಾವು ಬಾಯಲ್ಲಿ ಲಫ್ಸ್ ಅನ್ನುತ್ತೇವೆ. ಸೊನ್ನೆಗೆ ಹತ್ತಿರವಾದಷ್ಟೂ ಜೋರು. -14 ಅಂದರೆ -20ಕ್ಕಿಂತ 6 ಡೆಸಿಬೆಲ್ ಜೋರು. ಇದೇ ಮೀಟರಿನಲ್ಲಿ ಮೂರು ಸಂಖ್ಯೆ ಕಾಣುತ್ತವೆ: ಕೊನೆಯ ಮೂರು ಸೆಕೆಂಡಿನ ಶಾರ್ಟ್ ಟರ್ಮ್, 400 ಮಿಲಿಸೆಕೆಂಡಿನ ಮೊಮೆಂಟರಿ, ಇಡೀ ಫೈಲಿನ ಇಂಟಿಗ್ರೇಟೆಡ್. ಟ್ರೂ ಪೀಕ್ ಬೇರೆಯೇ ವಿಷಯ. ಅದು ಅಲೆಯ ತುದಿ ಎಷ್ಟು ಎತ್ತರಕ್ಕೆ ಹೋಯಿತು ಅನ್ನುವುದು. ಹಲಗೆಯ ಒಂದು ಪೆಟ್ಟಿಗೆ ಪೀಕ್ ಆಕಾಶಕ್ಕೆ ಹೋಗುತ್ತದೆ, ಆದರೆ ಲಫ್ಸ್ ಅಷ್ಟೇನೂ ಅಲುಗುವುದಿಲ್ಲ. ನಿಮ್ಮ ಫೈಲನ್ನು ಯೂಟ್ಯೂಬ್ ಮತ್ತೆ ಒತ್ತಿ ಚಿಕ್ಕದು ಮಾಡುವಾಗ ಈ ತುದಿ ಇನ್ನೂ ಸ್ವಲ್ಪ ಏರುತ್ತದೆ. ಅದಕ್ಕೇ ಟ್ರೂ ಪೀಕ್ -1ಕ್ಕಿಂತ ಮೇಲೆ ಹೋಗಬಾರದು.

ಯೂಟ್ಯೂಬ್ -14ಕ್ಕಿಂತ ಜೋರಾದ ವಿಡಿಯೋವನ್ನು ತಗ್ಗಿಸುತ್ತದೆ. ಆದರೆ ಅದಕ್ಕಿಂತ ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಅಂದರೆ -14 ಅನ್ನುವುದು ಮುಟ್ಟಲೇಬೇಕಾದ ಗೆರೆಯಲ್ಲ, ಮೇಲಿನ ಚಾವಣಿ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಆ ಎಪಿಸೋಡಿನಲ್ಲಿ ಏನಿತ್ತು

ಹುಡುಗರ ಫೈಲನ್ನು ತುಂಡು ಮಾಡಿ ಅಳೆದೆವು. ಎಂಟು ನಿಮಿಷ ಮಾತು, ಅದು -26ರ ಆಸುಪಾಸು. ಎರಡು ನಿಮಿಷ ಹಾಡು, ಹಲಗೆ ಮತ್ತು ಹಾರ್ಮೋನಿಯಂ ಜೊತೆಗೆ, ಅದು -15. ಉಳಿದ ಎರಡು ನಿಮಿಷ ಮಾತಿಲ್ಲದ ದೃಶ್ಯ, ಅಜ್ಜಿ ಅಂಗಳದಲ್ಲಿ ಸುಮ್ನೆ ಕೂತಿರುವುದು, -45. ಇಡೀ ಫೈಲಿನ ಇಂಟಿಗ್ರೇಟೆಡ್ ಸುಮಾರು -21. ಟ್ರೂ ಪೀಕ್ -1.

ಈ -21 ಎಲ್ಲಿಂದ ಬಂತು ನೋಡಿ. ಅಂಗಳದ ದೃಶ್ಯ ಲೆಕ್ಕಕ್ಕೇ ಬಂದಿಲ್ಲ. ಸರಾಸರಿಗಿಂತ 10ಕ್ಕೂ ಹೆಚ್ಚು ತಗ್ಗಿರುವ ಭಾಗವನ್ನು ಮೀಟರ್ ಬಿಟ್ಟುಬಿಡುತ್ತದೆ. ಉಳಿದ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಮಾತೇ ಇದ್ದರೂ, ಎರಡು ನಿಮಿಷದ ಹಾಡು ಇಡೀ ಸಂಖ್ಯೆಯನ್ನು -26ರಿಂದ -21ಕ್ಕೆ ಎಳೆದು ತಂದಿತ್ತು. ಸಂಖ್ಯೆ ಹೇಳುತ್ತಿದ್ದದ್ದು ಹಾಡಿನ ಕತೆ, ಮಾತಿನದಲ್ಲ.

ಮೊದಲ ದಾರಿ: ಕೊನೆಗೆ ಒಂದೇ ಸಲ ನಾರ್ಮಲೈಸ್

ಹುಡುಗರು ಮಾಡಿದ್ದು ಇದನ್ನೇ. ಅಡಾಸಿಟಿಯಲ್ಲಿ `Loudness Normalization` ತೆರೆದು -14 ಹಾಕಿದ್ದರು. ಅದು ಇಡೀ ಫೈಲಿಗೆ 7 ಡೆಸಿಬೆಲ್ ಏರಿಸಿತು. ಮಾತು -26ರಿಂದ -19ಕ್ಕೆ ಬಂತು. ಹಾಡು -15ರಿಂದ -8ಕ್ಕೆ ಹೋಯಿತು. ನಡುವಿನ ಅಂತರ ಮೊದಲೂ 11, ಈಗಲೂ 11. ನೋಡುಗ ಮಾತು ಕೇಳಲೆಂದು ವಾಲ್ಯೂಮ್ ಏರಿಸುತ್ತಾನೆ, ಹಾಡು ಬಂದ ಕೂಡಲೇ ಫೋನಿಗೆ ಕೈ ಹಾಕುತ್ತಾನೆ.

ಪೀಕಿನ ತೊಂದರೆ ಇದರ ಮೇಲಿನದು. -1ರಲ್ಲಿದ್ದ ತುದಿ 7 ಏರಿದರೆ +6 ಆಗುತ್ತದೆ. ಅದನ್ನು -1ಕ್ಕೆ ಹಿಡಿಯಲು ಲಿಮಿಟರ್ ಹಾಕಿದ್ದರು, ಸರಿಯೇ. ಆದರೆ ಲಿಮಿಟರ್ ಪ್ರತಿ ಹಲಗೆಯ ಪೆಟ್ಟಿಗೂ 7 ಡೆಸಿಬೆಲ್ ಕತ್ತರಿಸುತ್ತಿತ್ತು. ಹಲಗೆ ಹಲಗೆಯ ಹಾಗೆ ಕೇಳದೆ ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಪೆಟ್ಟಿನ ಜೊತೆ ಹಾಡುಗಾರನ ದನಿಯೂ ಕುಗ್ಗಿ ಏಳುತ್ತಿತ್ತು. ಲಿಮಿಟರ್ 2, 3 ಡೆಸಿಬೆಲ್ ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. 6, 7 ಅಂದರೆ ಕಿವಿಗೆ ಗೊತ್ತಾಗುತ್ತದೆ.

ಹಾಗಂತ ಈ ದಾರಿ ಕೆಟ್ಟದ್ದೇನಲ್ಲ. ಮೊದಲೇ ಸಮವಾಗಿರುವ ಫೈಲಿಗೆ ಇದೇ ಸಾಕು. ಒಬ್ಬರೇ ಕ್ಯಾಮೆರಾ ಮುಂದೆ ಕೂತು ಕಾಲರ್ ಮೈಕಿನಲ್ಲಿ ಮಾತಾಡುವ ಪಾಠದ ವಿಡಿಯೋಗೆ ಇದಕ್ಕಿಂತ ಹೆಚ್ಚಿನ ಕೆಲಸ ಬೇಕಿಲ್ಲ. ನನ್ನ ಅಳತೆ ಇದು: ಮಾತಿನ ಭಾಗ ಮತ್ತು ಹಾಡಿನ ಭಾಗವನ್ನು ಬೇರೆ ಬೇರೆ ಅಳೆಯಿರಿ. ಅಂತರ 4ರ ಒಳಗಿದ್ದರೆ ಮೊದಲ ದಾರಿ ಹಿಡಿಯಿರಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಎರಡನೇ ದಾರಿ: ತಾನೇ ಏರಿಳಿಸುವ ಸಾಧನ

ಇಲ್ಲಿ ಹೆಚ್ಚಿನವರು ಬಳಸುವುದು ಎಫ್‌ಎಫ್‌ಎಂಪೆಗ್‌ನ `loudnorm`. ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಇಪ್ಪತ್ತು ಫೈಲನ್ನು ಒಟ್ಟಿಗೆ ಮಾಡಬಹುದು.

```
ffmpeg -i mix.wav -af loudnorm=I=-14:TP=-1:LRA=11:print_format=summary -ar 48000 out.wav
```

ಕೊನೆಯ `-ar 48000` ಬಿಡಬೇಡಿ. `loudnorm` ಒಳಗೆ 192 ಕಿಲೋಹರ್ಟ್ಸ್‌ಗೆ ಏರಿಸಿ ಕೆಲಸ ಮಾಡುತ್ತದೆ. ಹೇಳದಿದ್ದರೆ ಫೈಲೂ ಹಾಗೇ ದೊಡ್ಡದಾಗಿ ಹೊರಬರುತ್ತದೆ.

ಹೀಗೆ ಒಂದೇ ಸಲ ಓಡಿಸಿದರೆ ಅದು ಹೋಗ್ತಾ ಹೋಗ್ತಾ ಏರಿಸಿ ಇಳಿಸುತ್ತದೆ. ಎರಡು ಸಲ ಓಡಿಸಿ, ಮೊದಲ ಸಲ ಬಂದ ಅಳತೆಗಳನ್ನು ಕೊಟ್ಟು `linear=true` ಹಾಕಿದರೆ ಮೊದಲ ದಾರಿಯಂತೆ ಎಲ್ಲಕ್ಕೂ ಒಂದೇ ಸಮ ಏರಿಸುತ್ತದೆ. ಇಲ್ಲೊಂದು ಗುಂಡಿ ಇದೆ, ನಾನೂ ಬಹಳ ದಿನ ಅದರಲ್ಲಿ ಬಿದ್ದಿದ್ದೆ. ಒಂದೇ ಸಮ ಏರಿಸಿದರೆ ಪೀಕ್ ಮಿತಿ ದಾಟುತ್ತದೆ ಅನ್ನಿಸಿದರೆ, ನೀವು `linear=true` ಹಾಕಿದ್ದರೂ ಅದು ಏರಿಳಿಸುವ ಬಗೆಗೇ ಹೊರಳುತ್ತದೆ. ನಮ್ಮ ಫೈಲಿನಲ್ಲಿ ಪೀಕ್ +6ಕ್ಕೆ ಹೋಗುತ್ತಿತ್ತಲ್ವಾ, ಹಾಗಾಗಿ ಹೊರಳಿತು. ಗೊತ್ತುಮಾಡಿಕೊಳ್ಳುವುದು ಸುಲಭ. ಕೆಲಸ ಮುಗಿದ ಮೇಲೆ ಬರುವ ಸಾಲುಗಳಲ್ಲಿ `Normalization Type` ಎದುರು `Dynamic` ಇದೆಯೋ `Linear` ಇದೆಯೋ ನೋಡಿ.

ಎಪಿಸೋಡನ್ನು ಹೀಗೆ ಓಡಿಸಿ ಕೇಳಿದೆವು. ಮಾತು ನಿಜಕ್ಕೂ ಮೇಲೆ ಬಂತು, ಹಾಡು ತಗ್ಗಿತು. ಹುಡುಗರು ಖುಷಿಯಾದರು. ಆದರೆ ಅಂಗಳದ ದೃಶ್ಯದಲ್ಲಿ ಗುಟ್ಟು ಹೊರಬಿತ್ತು. ಶೂಟಿಂಗ್ ಮೇ ತಿಂಗಳಿನದು. ಆ ಬಿಸಿಲಿನಲ್ಲಿ ಪಕ್ಕದ ಕೋಣೆಯ ಕೂಲರ್ ನಿಲ್ಲಿಸಲು ಮನೆಯವರು ಒಪ್ಪಿರಲಿಲ್ಲ, ತಪ್ಪೇನಿಲ್ಲ. ಮಾತಿಗೆ ಎಷ್ಟು ಏರಿಸಿತ್ತೋ ಅಷ್ಟೇ ಏರಿಕೆ ಅಜ್ಜಿಯ ಮೌನಕ್ಕೂ ಸಿಕ್ಕಿತು. ಮೌನದ ಜಾಗದಲ್ಲಿ ಕೂಲರಿನ ಗುಂಯ್ ಸದ್ದು ಕೂತಿತ್ತು. ಇನ್ನೊಂದು ಕಡೆ, ಹಾಡು ಮುಗಿದ ಮೇಲೆ ಬರುವ ಮೊದಲ ಸಾಲು ತಗ್ಗಿ ಬಂದು, ಆಮೇಲೆ ನಿಧಾನಕ್ಕೆ ಏರಿತು. ಆ ಸಾಲೇ ದೃಶ್ಯದ ತಿರುವು.

ಸಾಧನಕ್ಕೆ ಯಾವುದು ಮಾತು, ಯಾವುದು ಕೂಲರ್ ಎಂದು ತಿಳಿಯದು. ಅದು ನೋಡುವುದು ಜೋರನ್ನು ಮಾತ್ರ. ಹಾಗಾಗಿ ಎರಡನೇ ದಾರಿ ಎಲ್ಲಿ ಒಳ್ಳೆಯದು? ಸಂಗೀತ ಬಹಳ ಕಡಿಮೆ ಇದ್ದು, ಮಾತಾಡುವವರು ಹತ್ತಿರ ಒಮ್ಮೆ, ದೂರ ಒಮ್ಮೆ ಇರುವ ಕಡೆ. ಸಂದರ್ಶನ, ಸಭೆಯ ರೆಕಾರ್ಡಿಂಗ್, ಕೋಣೆ ನಿಶ್ಶಬ್ದವಾಗಿದ್ದ ಪಾಡ್‌ಕಾಸ್ಟ್. ಹಿಂದಿನ ಸದ್ದು ಮಾತಿಗಿಂತ ಬಹಳ ತಗ್ಗಿದ್ದರೆ ಏರಿಳಿತ ಗೊತ್ತಾಗುವುದೇ ಇಲ್ಲ. ಪರೀಕ್ಷೆ ಒಂದೇ. ಹೆಡ್‌ಫೋನ್ ಹಾಕಿ, ಎರಡು ಮಾತಿನ ನಡುವಿನ ಖಾಲಿ ಜಾಗವನ್ನೇ ಕೇಳಿ. ಅಲ್ಲಿ ಸದ್ದು ಉಸಿರಾಡಿದಂತೆ ಉಬ್ಬಿ ಇಳಿದರೆ ಈ ದಾರಿ ನಿಮಗಲ್ಲ.

ಮೂರನೇ ದಾರಿ: ಮಾತಿನಿಂದ ಶುರು

ಕತೆ ಹೇಳುವವರಿಗೆ ನಾನು ಹೇಳುವುದು ಇದನ್ನೇ. ಮೊದಲ ಸಲ ಮೂರು ನಾಲ್ಕು ಗಂಟೆ ಬೇಕು. ಹಲವು ಟ್ರ್ಯಾಕುಗಳನ್ನು ಒಟ್ಟಿಗೆ ಸೇರಿಸಿ ಒಯ್ಯುವ ದಾರಿಗೆ ಬಸ್ ಅನ್ನುತ್ತಾರೆ. ಎಲ್ಲ ಮಾತಿನ ಟ್ರ್ಯಾಕುಗಳು ಒಂದು ಬಸ್ಸಿಗೆ, ಸಂಗೀತ ಇನ್ನೊಂದಕ್ಕೆ, ಎಫೆಕ್ಟ್ ಮತ್ತು ವಾತಾವರಣದ ಸದ್ದು ಮೂರನೆಯದಕ್ಕೆ. ಮೂರೂ ಸೇರಿ ಮಾಸ್ಟರಿಗೆ ಹೋಗುತ್ತವೆ. ಮೀಟರ್ ಮಾಸ್ಟರಿನಲ್ಲಿ ಇರಲಿ.

ಕೆಲಸಕ್ಕೆ ಕೂರುವ ಮುಂಚೆ ಹೆಡ್‌ಫೋನಿನ ವಾಲ್ಯೂಮ್ ಒಂದು ಜಾಗಕ್ಕಿಟ್ಟು ಗುರುತು ಹಾಕಿ, ಕೊನೆವರೆಗೂ ಮುಟ್ಟಬೇಡಿ. ನಡುವೆ ಮುಟ್ಟಿದರೆ ಬೆಳಿಗ್ಗೆ ಮಾಡಿದ ದೃಶ್ಯ, ಸಂಜೆ ಮಾಡಿದ ದೃಶ್ಯ ಎರಡೂ ಬೇರೆ ಬೇರೆ ಆಗುತ್ತವೆ.

ಮೊದಲು ಸಂಗೀತ, ಎಫೆಕ್ಟ್ ಎರಡನ್ನೂ ಮ್ಯೂಟ್ ಮಾಡಿದೆವು. ಮಾತಿನ ಒಂದೊಂದು ತುಂಡನ್ನೂ ಕೈಯಲ್ಲೇ ಏರಿಸಿ ಇಳಿಸಿ ಸಮ ಮಾಡಿದೆವು. ಜೋರು ದನಿಯನ್ನು ತಾನೇ ತಗ್ಗಿಸುವ ಕಂಪ್ರೆಸರಿಗಿಂತ ಮೊದಲು ಈ ಕೆಲಸ ಆಗಲೇಬೇಕು. ಪಿಸುಮಾತು ಮತ್ತು ಕೂಗಿನ ನಡುವೆ 15 ಡೆಸಿಬೆಲ್ ಅಂತರ ಬಿಟ್ಟು ಕಂಪ್ರೆಸರಿಗೆ ಕೊಟ್ಟರೆ, ಅದು ಕೂಗನ್ನು ಹಿಂಡುತ್ತದೆ, ಪಿಸುಮಾತನ್ನು ಮುಟ್ಟುವುದೇ ಇಲ್ಲ. ಆಮೇಲೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ಕೂಲರಿನ ಗುಂಯ್‌ನಲ್ಲಿ ಒಂದಷ್ಟು ಅಲ್ಲೇ ಹೋಯಿತು. ನಂತರ 3:1ರ ಕಂಪ್ರೆಸರ್, ಜೋರು ಮಾತಿಗೆ 4 ಡೆಸಿಬೆಲ್ ತಗ್ಗಿಸುವಷ್ಟು. ಆಮೇಲೆ ಬಸ್ಸನ್ನು ಏರಿಸಿ, ಮಾತು ಬರುವಾಗ ಶಾರ್ಟ್ ಟರ್ಮ್ -16ರ ಸುತ್ತ ಆಡುವಂತೆ ಮಾಡಿದೆವು. 2 ಮೇಲೆ, 2 ಕೆಳಗೆ ಹೋದರೆ ಚಿಂತೆಯಿಲ್ಲ. ಕೂಗು ಕೂಗಿನ ಹಾಗೇ ಕೇಳಬೇಕಲ್ಲ.

ಮಾತು 10 ಏರಿದ್ದರಿಂದ ಅದರ ಹಿಂದಿನ ಕೂಲರೂ 10 ಏರಿತು. ಇದು ಮೂರನೇ ದಾರಿಯಲ್ಲೂ ತಪ್ಪುವುದಿಲ್ಲ. ಆದರೆ ಇಲ್ಲಿ ನಮ್ಮ ಕೈಯಲ್ಲಿ ಉಪಾಯವಿದೆ. ಮಾತಿಲ್ಲದ ಜಾಗದಲ್ಲಿ ಮಾತಿನ ಟ್ರ್ಯಾಕನ್ನು ಕತ್ತರಿಸಿ, ಎರಡೂ ತುದಿಗೆ ಚಿಕ್ಕ ಫೇಡ್ ಕೊಟ್ಟು, ಕೆಳಗೆ ಅದೇ ಮನೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿದ ಒಂದು ನಿಮಿಷದ ಖಾಲಿ ಸದ್ದನ್ನು ಉದ್ದಕ್ಕೂ ಹಾಸಬಹುದು. ಅಂಗಳದ ದೃಶ್ಯ ಎಫೆಕ್ಟ್ ಬಸ್ಸಿನಲ್ಲಿ ಇದ್ದುದರಿಂದ ಅದಕ್ಕೆ ಈ ಏರಿಕೆ ತಾಗಲೇ ಇಲ್ಲ. ಗುಬ್ಬಿಯ ಸದ್ದು, ದೂರದ ಟ್ರ್ಯಾಕ್ಟರ್, ಅಷ್ಟೇ ಉಳಿಯಿತು.

ಹಾಡನ್ನು ಅದು ಒಂಟಿಯಾಗಿ ಬರುವ ಕಡೆ -14ಕ್ಕೆ ಇಟ್ಟೆವು, ಅಂದರೆ ಮಾತಿಗಿಂತ 2 ಮಾತ್ರ ಜೋರು. ಹಾಡು ಬಂತು ಎಂದು ಮನಸ್ಸಿಗೆ ಅನ್ನಿಸಲು ಅಷ್ಟು ಸಾಕು. ಮಾತಿನ ಅಡಿಯಲ್ಲಿ ಬರುವ ಸಂಗೀತ ಮಾತ್ರ ಕಷ್ಟದ್ದು. ಮಾತಿಗಿಂತ 15ರಷ್ಟು ತಗ್ಗಿಸುವುದರಿಂದ ನಾನು ಶುರುಮಾಡುತ್ತೇನೆ. ಹಾರ್ಮೋನಿಯಂ ಇದ್ದರೆ ಇನ್ನೂ ತಗ್ಗಿಸಬೇಕಾಗುತ್ತದೆ, ಯಾಕಂದರೆ ಅದರ ದನಿಯೂ ಮನುಷ್ಯನ ದನಿಯೂ ಒಂದೇ ಜಾಗದಲ್ಲಿ ಕೂರುತ್ತವೆ. ಪೂರ್ತಿ ತಗ್ಗಿಸುವ ಬದಲು ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬೆಲ್ ಇಳಿಸಿ ನೋಡಿ. ಮಾತಿನ ವ್ಯಂಜನಗಳು ಬಹುಮಟ್ಟಿಗೆ ಆ ಜಾಗದಲ್ಲೇ ಸ್ಪಷ್ಟವಾಗುವುದು. ಮಾತು ಬಂದಾಗ ಸಂಗೀತ ತಾನೇ ತಗ್ಗುವ ಡಕ್ಕಿಂಗ್ ಹಾಕಿದರೆ, ಮತ್ತೆ ಏಳಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಸಮಯ ಕೊಡಿ. ಇಲ್ಲದಿದ್ದರೆ ಪ್ರತಿ ಪದದ ನಡುವೆಯೂ ಹಾಡು ತಲೆ ಎತ್ತುತ್ತದೆ.

ಬಾಗಿಲು ಬಡಿದದ್ದು, ಕೊಡ ಬಿದ್ದದ್ದು, ಇಂಥ ಚಿಕ್ಕ ಎಫೆಕ್ಟುಗಳಿಗೆ ಇಂಟಿಗ್ರೇಟೆಡ್ ನೋಡಿ ಉಪಯೋಗವಿಲ್ಲ. ಮೊಮೆಂಟರಿ ನೋಡಿ, ಮಾತಿಗಿಂತ 4, 5 ಮೇಲೆ ಹೋಗದಂತೆ ಇಡಿ.

ಕೊನೆಗೆ ಮಾಸ್ಟರಿನಲ್ಲಿ ಟ್ರೂ ಪೀಕ್ ಲಿಮಿಟರ್, -1ಕ್ಕೆ. ಇಡೀ ಎಪಿಸೋಡಿನ ಇಂಟಿಗ್ರೇಟೆಡ್ -15.5 ಬಂತು. "ಇನ್ನೊಂದೂವರೆ ಏರಿಸಿಬಿಡ್ರಿ, ಹದಿನಾಲ್ಕು ಆಗ್ತದ" ಎಂದ ಒಬ್ಬ ಹುಡುಗ. ಬೇಡವೆಂದೆ. ಲಿಮಿಟರ್ ಆಗಲೇ 3 ಕತ್ತರಿಸುತ್ತಿತ್ತು. ಆ ಒಂದೂವರೆಯ ಲಾಭ ಯಾರಿಗೂ ತಿಳಿಯುವುದಿಲ್ಲ, ಹಲಗೆ ಮಂದವಾಗುವುದು ಮಾತ್ರ ತಿಳಿಯುತ್ತದೆ. ಮುಂದಿನ ಎಪಿಸೋಡಿಗೂ ಹಿಡಿದುಕೊಳ್ಳಬೇಕಾದ್ದು ಮಾತಿನ -16. ಹಾಡು ಜಾಸ್ತಿ ಇರುವ ವಾರ ಇಂಟಿಗ್ರೇಟೆಡ್ -15 ಆಗಬಹುದು, ಮಾತೇ ತುಂಬಿರುವ ವಾರ -16 ಆಗಬಹುದು. ನೋಡುಗನ ಕಿವಿಗೆ ಎರಡೂ ಒಂದೇ, ಯಾಕಂದರೆ ಅವನು ವಾಲ್ಯೂಮ್ ಇಡುವುದು ಮಾತು ಕೇಳಿ.

ಯಾವ ಸಾಫ್ಟ್‌ವೇರ್, ಎಷ್ಟು ಖರ್ಚು

ಖರ್ಚಿನ ಮಾತಿಗೆ ಬಂದರೆ, ಮೂರು ದಾರಿಗೂ ಉಚಿತ ಸಾಧನಗಳಿವೆ. ಕೊರತೆ ಬರುವುದು ಕಂಪ್ಯೂಟರಿನಲ್ಲಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫೇರ್‌ಲೈಟ್ ಪುಟವಿದೆ, ಬಸ್ಸುಗಳಿವೆ, ಲೌಡ್‌ನೆಸ್ ಮೀಟರ್ ಇದೆ. ವಿಡಿಯೋ ಎಡಿಟಿಂಗೂ ಅದರಲ್ಲೇ ಮಾಡುವವರಿಗೆ ಬೇರೆ ಯೋಚನೆ ಬೇಡ. ಆದರೆ 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನಲ್ಲಿ ಅದು ತೆವಳುತ್ತದೆ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ರೀಪರ್ ಒಳ್ಳೆಯದು. ಬಹಳ ಹಗುರ. 60 ದಿನ ಪ್ರಯೋಗಕ್ಕೆ ಕೊಡುತ್ತದೆ, ಆಮೇಲೆ ಚಿಕ್ಕ ತಂಡಗಳ ಲೈಸೆನ್ಸಿಗೆ 60 ಡಾಲರ್, ಅಂದರೆ ಐದು ಸಾವಿರದ ಆಸುಪಾಸು. ಅದರ ಜೊತೆ ಯೂಲೀನ್ ಲೌಡ್‌ನೆಸ್ ಮೀಟರಿನ ಉಚಿತ ಆವೃತ್ತಿ ಹಾಕಿಕೊಳ್ಳಿ. ಯಾದಗಿರಿಯ ಹುಡುಗರು ಆರಿಸಿದ್ದು ಇದನ್ನು.

ಒಂದು ರೂಪಾಯಿಯೂ ಆಗದು ಅನ್ನುವವರು ಅಡಾಸಿಟಿಯಲ್ಲೂ ಮೂರನೇ ದಾರಿಯ ಮುಕ್ಕಾಲು ಭಾಗ ನಡೆಯಬಹುದು. ಅದರಲ್ಲಿ ಬಸ್ಸಿಲ್ಲ. ಹಾಗಾಗಿ ಸಮಮಾಡಿದ ಮಾತನ್ನೆಲ್ಲ ಒಂದು ಟ್ರ್ಯಾಕಿಗೆ ಸೇರಿಸಿ, ಆ ಟ್ರ್ಯಾಕನ್ನಷ್ಟೇ -16ಕ್ಕೆ ನಾರ್ಮಲೈಸ್ ಮಾಡಿ. ಸಂಗೀತದ ಟ್ರ್ಯಾಕನ್ನು ಮಾತಿನ ಟ್ರ್ಯಾಕಿನ ಮೇಲಿಟ್ಟು `Auto Duck` ಕೊಡಿ. ತಪ್ಪಾದರೆ ಹಿಂದಕ್ಕೆ ಹೋಗಿ ಮತ್ತೆ ಮಾಡಬೇಕು, ಅದಷ್ಟೇ ಕಿರಿಕಿರಿ.

ಫೋನಿನಲ್ಲೇ ಎಡಿಟ್ ಮಾಡುವವರಿಗೂ ಒಂದು ದಾರಿ ಹೇಳುತ್ತೇನೆ. ಆ್ಯಪಿನಲ್ಲಿ ಶೇಕಡಾ ಲೆಕ್ಕದ ಸ್ಲೈಡರ್ ಬಿಟ್ಟು ಬೇರೆ ಅಳತೆ ಕಾಣದಿದ್ದರೆ, ಎಡಿಟ್ ಮುಗಿದ ಮೇಲೆ ಸಂಗೀತ ಮ್ಯೂಟ್ ಮಾಡಿ ಒಮ್ಮೆ, ಮಾತು ಮ್ಯೂಟ್ ಮಾಡಿ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಗೆಳೆಯನ ಕಂಪ್ಯೂಟರಿನಲ್ಲಿ ಎರಡನ್ನೂ ಕೂರಿಸಿ ಜೋಡಿಸಿದರೆ ಸಾಕು.

ಪಾಡ್‌ಕಾಸ್ಟಿನವರಿಗೆ ಗುರಿ ಸ್ವಲ್ಪ ಬೇರೆ. ಆ್ಯಪಲ್ ಪಾಡ್‌ಕಾಸ್ಟ್ ಕೇಳುವುದು -16, ಒಂದು ಹೆಚ್ಚು ಕಡಿಮೆ ನಡೆಯುತ್ತದೆ. ಸ್ಪಾಟಿಫೈ -14 ಹೇಳುತ್ತದೆ. ಎರಡಕ್ಕೂ ಒಂದೇ ಫೈಲ್ ಹಾಕುವುದಾದರೆ ನಾನು -16 ಇಡುತ್ತೇನೆ. ಮೋನೋ ಫೈಲ್ ಮಾಡುವವರು ಗಮನಿಸಿ: ಅದೇ ದನಿಯನ್ನು ಮೋನೋದಲ್ಲಿ ಅಳೆದರೆ ಸ್ಟೀರಿಯೋಗಿಂತ 3 ಕಡಿಮೆ ತೋರಿಸುತ್ತದೆ. ಅಡಾಸಿಟಿಯಲ್ಲಿ `Treat mono as dual-mono` ಟಿಕ್ ಇದ್ದರೆ ಈ ಗೊಂದಲವಿಲ್ಲ.

ಹಾಕಿದ ಮೇಲೆ ನೋಡುವುದು

ಮಿಕ್ಸ್ ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ಹಾಕಿಕೊಂಡು, ಕತೆ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ. ಡೈಲಾಗ್ ಬರೆದವರ ಕಿವಿಯನ್ನು ನಂಬಬೇಡಿ, ಅವರಿಗೆ ಅರ್ಧ ಕೇಳಿದರೂ ಪೂರ್ತಿ ಕೇಳಿದಂತೆ ಅನ್ನಿಸುತ್ತದೆ. ಫೋನಿನ ಸ್ಪೀಕರ್ ಕೆಳಗಿನ ದನಿಯನ್ನು ನುಂಗುತ್ತದೆ, ಆದ್ದರಿಂದ ಹೆಡ್‌ಫೋನಿನಲ್ಲಿ ದಪ್ಪಗಿದ್ದ ಹಲಗೆ ಅಲ್ಲಿ ಟಕಟಕ ಅಂದರೆ ಗಾಬರಿ ಬೇಡ. ಮಾತು ತಿಳಿಯಿತೇ ಅನ್ನುವುದಷ್ಟನ್ನೇ ನೋಡಿ.

ಅಪ್‌ಲೋಡ್ ಆದ ಮೇಲೆ ಕಂಪ್ಯೂಟರಿನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ `Stats for nerds` ತೆರೆಯಿರಿ. ಅಲ್ಲಿ `content loudness` ಅನ್ನುವ ಸಂಖ್ಯೆ ಇರುತ್ತದೆ. ಅದು 4 ತೋರಿಸಿದರೆ ನಿಮ್ಮ ವಿಡಿಯೋ 4 ಡೆಸಿಬೆಲ್ ಜಾಸ್ತಿ ಇತ್ತು, ಯೂಟ್ಯೂಬ್ ಅಷ್ಟು ಇಳಿಸಿದೆ ಎಂದರ್ಥ. ಮೈನಸ್ ಇದ್ದರೆ ಮುಟ್ಟಿಲ್ಲ. ಹುಡುಗರ ಹೊಸ ಎಪಿಸೋಡಿನಲ್ಲಿ ಅದು -1.5 ಇತ್ತು, ನಮ್ಮ ಮೀಟರ್ ಹೇಳಿದ್ದಕ್ಕೆ ಸರಿಯಾಗಿ. ಎರಡನೇ ಎಪಿಸೋಡಿನಲ್ಲಿ -1.9. ಮೂರನೆಯದನ್ನು ಅವರೇ ಮಾಡಿದರು, ಎರಡು ಗಂಟೆಯಲ್ಲಿ.